ಎಣ್ಣೆಯೋ, ಸೆಲ್ಲೋ, ಅಯಸ್ಕಾಂತವೋ?

ನಿನ್ನೆಯವರೆಗೆ ಸರಿಯಾಗಿ ನಡೆಯುತ್ತಿದ್ದ ಕೀ ಕೊಡುವ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಎಂಟು ನಿಮಿಷ ಮುಂದೆ ಓಡತೊಡಗಿದರೆ ಹೆಚ್ಚಿನವರು ಅದನ್ನು ಅಂಗಡಿಗೆ ಒಯ್ದು ಸರ್ವೀಸಿಗೆ ಕೊಡುತ್ತಾರೆ. ಅದೇ ವಾಚು ತಿಂಗಳಿಂದ ತಿಂಗಳಿಗೆ ಇಷ್ಟಿಷ್ಟೇ ಹಿಂದೆ ಬೀಳುತ್ತ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬೆಳಗ್ಗೆ ಮುಳ್ಳು ಸರಿಮಾಡಿ ಕಟ್ಟಿಕೊಂಡು ಹೊರಡುತ್ತಾರೆ. ಇನ್ನು ಸೆಲ್‌ನಿಂದ ನಡೆಯುವ ಕ್ವಾರ್ಟ್ಜ್ ವಾಚು ಹಿಂದೆ ಬಿದ್ದರಂತೂ ಹಿಂದೆಮುಂದೆ ನೋಡದೆ ಹೊಸ ಸೆಲ್ ಹಾಕಿಸುತ್ತಾರೆ. ಮೊದಲನೆಯ ವಾಚಿಗೆ ಎಷ್ಟೋ ಸಲ ಸರ್ವೀಸ್ ಬೇಕಾಗಿರುವುದೇ ಇಲ್ಲ. ಎರಡನೆಯದಕ್ಕೆ ಬೇಕು, ಅದೂ ಬೇಗ ಬೇಕು. ಮೂರನೆಯದರ ಸೆಲ್ ಬಿಚ್ಚುವ ಮೊದಲು ಅದನ್ನು ರಾತ್ರಿ ಎಲ್ಲಿ ಇಡುತ್ತೀರಿ ಎಂದು ಕೇಳಬೇಕು.

ವಾಚಿನ ಮೇಲೆ ನಾವು ಮಾಡುವ ಖರ್ಚು ಕೊಳ್ಳುವ ದಿನಕ್ಕೆ ಮುಗಿಯುವುದಿಲ್ಲ. ಮುಂದೆ ಎಷ್ಟು ವರ್ಷ ಎಷ್ಟೆಷ್ಟು ಖರ್ಚಾಗುತ್ತದೆ ಎನ್ನುವುದು ವಾಚಿನ ಒಳಗೆ ಏನು ನಡೆಯುತ್ತಿದೆ, ಅದಕ್ಕೆ ಆದ ತೊಂದರೆ ಯಾವುದು ಎಂಬುದನ್ನು ಸರಿಯಾಗಿ ಗುರುತಿಸುವುದರ ಮೇಲೆ ನಿಂತಿದೆ. ಆ ಗುರುತು ಹಿಡಿಯುವುದು ಕಷ್ಟದ ಕೆಲಸವಲ್ಲ.

ಒಳಗಿನ ಎರಡು ಬಗೆ

ನಮ್ಮ ರಾಜ್ಯದ ಮನೆಗಳ ಬೀರುಗಳಲ್ಲಿ ಈ ಎರಡೂ ಬಗೆಯ ವಾಚುಗಳು ಸಿಗುತ್ತವೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನ ಎಚ್ಎಂಟಿ ಕಾರ್ಖಾನೆ ವಾಚು ತಯಾರಿಸತೊಡಗಿತು. ಜನತಾ, ಪೈಲಟ್, ಸೋನಾ, ಕೋಹಿನೂರ್ ಎಂಬ ಅದರ ವಾಚುಗಳು ಎರಡು ತಲೆಮಾರಿನ ಕೈಯಲ್ಲಿ ಇದ್ದವು. ಇವೆಲ್ಲ ಕೀ ಕೊಡುವ ಮೆಕ್ಯಾನಿಕಲ್ ವಾಚುಗಳು. ಎಂಬತ್ತರ ದಶಕದ ಕೊನೆಯಲ್ಲಿ ಗಡಿಯಾಚೆಯ ಹೊಸೂರಿನ ಕಾರ್ಖಾನೆಯಿಂದ ಟೈಟನ್ ವಾಚುಗಳು ಬಂದವು. ಅವು ಕ್ವಾರ್ಟ್ಜ್ ವಾಚುಗಳು. ಕೀ ಕೊಡುವ ಕೆಲಸವಿಲ್ಲ, ಸಮಯವೂ ಹೆಚ್ಚು ನಿಖರ. ಕೊಳ್ಳುವವರು ಅತ್ತ ಹೊರಳಿದರು.

ಜನತಾ ವಾಚಿನ ಹಿಂದಿನ ಮುಚ್ಚಳ ತೆಗೆದರೆ ಕಣ್ಣಿಗೆ ಮೊದಲು ಬೀಳುವುದು ಅತ್ತಿಂದಿತ್ತ ತಿರುಗುತ್ತಿರುವ ಒಂದು ಪುಟ್ಟ ಚಕ್ರ. ಅದು ಬ್ಯಾಲೆನ್ಸ್ ವ್ಹೀಲ್. ಅದರ ನಡುವೆ ಕೂದಲಿನಷ್ಟು ಸಣ್ಣಗಿನ ಸ್ಪ್ರಿಂಗ್ ಸುರುಳಿ ಸುತ್ತಿ ಕೂತಿರುತ್ತದೆ. ಇದೇ ಹೇರ್‌ಸ್ಪ್ರಿಂಗ್. ಕೀ ಕೊಟ್ಟಾಗ ಬಿಗಿಯುವುದು ಬೇರೊಂದು ಸ್ಪ್ರಿಂಗ್. ಡಬ್ಬಿಯೊಳಗೆ ಸುತ್ತಿಕೊಂಡಿರುವ ಆ ಮೇನ್‌ಸ್ಪ್ರಿಂಗ್ ನಿಧಾನವಾಗಿ ಬಿಚ್ಚಿಕೊಳ್ಳುತ್ತ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. ಚಕ್ರಗಳು ಎಷ್ಟು ವೇಗದಲ್ಲಿ ತಿರುಗಬೇಕೆಂದು ತೀರ್ಮಾನಿಸುವುದು ಮಾತ್ರ ಬ್ಯಾಲೆನ್ಸ್ ವ್ಹೀಲ್ ಮತ್ತು ಹೇರ್‌ಸ್ಪ್ರಿಂಗ್ ಜೋಡಿ. ಜನತಾದಲ್ಲಿ ಅದು ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ ಬಡಿಯುತ್ತದೆ. ದಿನಕ್ಕೆ 4,32,000 ಬಡಿತ, ವರ್ಷಕ್ಕೆ ಹದಿನೈದು ಕೋಟಿಗೂ ಮಿಕ್ಕಿ.

ಕ್ವಾರ್ಟ್ಜ್ ವಾಚಿನಲ್ಲಿ ಈ ಜೋಡಿಯ ಜಾಗದಲ್ಲಿ ಒಂದು ಸ್ಫಟಿಕದ ಚೂರು ಇರುತ್ತದೆ. ಸೆಲ್‌ನ ವಿದ್ಯುತ್ತು ಹರಿದಾಗ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಒಂದು ಚಿಪ್ ಆ ಕಂಪನವನ್ನು ಹದಿನೈದು ಸಲ ಅರ್ಧರ್ಧ ಮಾಡಿ ಸೆಕೆಂಡಿಗೆ ಒಂದೇ ಒಂದು ಸಂಕೇತವಾಗಿ ಇಳಿಸುತ್ತದೆ. ಆ ಸಂಕೇತ ಬಂದಾಗಲೆಲ್ಲ ಒಂದು ಪುಟ್ಟ ಮೋಟಾರು ಅರ್ಧ ಸುತ್ತು ತಿರುಗಿ ಸೆಕೆಂಡಿನ ಮುಳ್ಳನ್ನು ಒಂದು ಹೆಜ್ಜೆ ಮುಂದಿಡಿಸುತ್ತದೆ. ಸಾಮಾನ್ಯ ಕ್ವಾರ್ಟ್ಜ್ ವಾಚು ತಿಂಗಳಿಗೆ ಹದಿನೈದು ಸೆಕೆಂಡಿನ ಆಚೀಚೆ ನಿಲ್ಲುತ್ತದೆ. ಹಳೆಯ ಮೆಕ್ಯಾನಿಕಲ್ ವಾಚಿಗೆ ದಿನಕ್ಕೆ ಅರ್ಧ ನಿಮಿಷದ ಹೆಚ್ಚುಕಮ್ಮಿ ದೋಷವೇನಲ್ಲ.

ಎಣ್ಣೆ ಒಣಗಿದಾಗ

ಮೆಕ್ಯಾನಿಕಲ್ ವಾಚಿಗೆ ಸರ್ವೀಸ್ ಬೇಕಾಗುವುದು ಎಣ್ಣೆಯ ಕಾರಣಕ್ಕೆ. ಚಕ್ರಗಳ ಅಚ್ಚಿನ ತುದಿಗಳು ಕೆಂಪು ಕಲ್ಲುಗಳಲ್ಲಿ ಕೊರೆದ ತೂತುಗಳಲ್ಲಿ ಕೂತಿರುತ್ತವೆ. ಡಯಲಿನ ಮೇಲೆ '17 ಜುವೆಲ್ಸ್' ಎಂದು ಬರೆದಿರುವುದು ಈ ಕಲ್ಲುಗಳ ಲೆಕ್ಕ. ಪ್ರತಿ ತೂತಿಗೂ ಸೂಜಿಮೊನೆಯಲ್ಲಿ ನಿಲ್ಲುವಷ್ಟು ಎಣ್ಣೆ ಇಟ್ಟಿರುತ್ತಾರೆ. ವರ್ಷಗಳು ಕಳೆದಂತೆ ಅದು ಹರಿದು ದೂರ ಸರಿಯುತ್ತದೆ, ಇಲ್ಲವೆ ಗಟ್ಟಿಯಾಗುತ್ತದೆ. ಆಮೇಲೆ ಲೋಹಕ್ಕೆ ಕಲ್ಲು ಉಜ್ಜತೊಡಗುತ್ತದೆ. ಉಜ್ಜಿ ಬಂದ ಪುಡಿ ಉಳಿದ ಜಿಡ್ಡಿನಲ್ಲಿ ಬೆರೆತು ಸಾಣೆಯ ಹಿಟ್ಟಿನಂತೆ ಅಚ್ಚನ್ನೇ ಸವೆಸುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ, ಎಣ್ಣೆ ಒಣಗಿದ ವಾಚು ಕೂಡಲೇ ನಿಲ್ಲುವುದಿಲ್ಲ. ತನ್ನ ಅಚ್ಚನ್ನು ತಾನೇ ತಿನ್ನುತ್ತ ಎಷ್ಟೋ ಕಾಲ ನಡೆಯುತ್ತಲೇ ಇರುತ್ತದೆ. ಆದ್ದರಿಂದ 'ಇನ್ನೂ ನಡೆಯುತ್ತಿದೆಯಲ್ಲ, ಸರ್ವೀಸ್ ಯಾಕೆ' ಎಂಬ ಮಾತು ಸರಿಯಲ್ಲ. ದಿನವೂ ಕಟ್ಟುವ ಹಳೆಯ ಮೆಕ್ಯಾನಿಕಲ್ ವಾಚಿಗೆ ನಾಲ್ಕೈದು ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸುವುದು ರೂಢಿಯಲ್ಲಿರುವ ಲೆಕ್ಕ. ಈಗಿನ ಎಣ್ಣೆಗಳು ಹೆಚ್ಚು ಬಾಳುವುದರಿಂದ ಕೆಲವು ಸ್ವಿಸ್ ಕಂಪನಿಗಳು ಹೆಚ್ಚು ಅವಧಿ ಹೇಳುತ್ತವೆ. ರೋಲೆಕ್ಸ್ ತನ್ನ ವಾಚುಗಳಿಗೆ ಸುಮಾರು ಹತ್ತು ವರ್ಷ ಎನ್ನುತ್ತದೆ. ಕಟ್ಟದೆ ಬೀರುವಿನಲ್ಲಿ ಇಟ್ಟರೂ ಎಣ್ಣೆಗೆ ವಯಸ್ಸಾಗುತ್ತದೆ. ಅಜ್ಜನ ಕಾಲದ ವಾಚು ಸಿಕ್ಕಿತೆಂದು ಖುಷಿಯಲ್ಲಿ ಪೂರ್ತಿ ಕೀ ಕೊಟ್ಟು ತಿಂಗಳುಗಟ್ಟಲೆ ಓಡಿಸಬಾರದು. ಮೊದಲು ಸರ್ವೀಸ್, ಆಮೇಲೆ ಕೀ.

ಕ್ಯಾಲೆಂಡರಿಗಿಂತ ಹೆಚ್ಚು ನಂಬಬಹುದಾದ ಗುರುತು ಒಂದಿದೆ. ಪೂರ್ತಿ ಕೀ ಕೊಟ್ಟು ಸಮಯ ಬರೆದಿಡಿ. ಸರಿಯಾಗಿರುವ ಜನತಾ ಒಂದೂವರೆ ದಿನದ ಮೇಲೂ ನಡೆಯಬೇಕು. ಒಂದೇ ದಿನಕ್ಕೆ ನಿಂತರೆ, ಅಥವಾ ಕೀ ಇಳಿದಂತೆ ಸಂಜೆಯ ಹೊತ್ತಿಗೆ ಹಿಂದೆ ಬೀಳುತ್ತ ಬಂದರೆ ಒಳಗೆ ಎಳೆತ ಹೆಚ್ಚಾಗಿದೆ ಎಂದು ತಿಳಿಯಬೇಕು.

ಸರ್ವೀಸ್ ಅಂದರೆ ಏನು ಎಂಬುದರ ಬಗ್ಗೆಯೂ ಸ್ಪಷ್ಟವಾಗಿರಬೇಕು. ಮುಳ್ಳು, ಡಯಲ್ ತೆಗೆದು, ಮೇನ್‌ಸ್ಪ್ರಿಂಗ್‌ನ ಬಿಗಿ ಇಳಿಸಿ, ಒಂದೊಂದೇ ಭಾಗ ಬಿಚ್ಚಿ, ದ್ರಾವಣದಲ್ಲಿ ತೊಳೆದು, ಅಚ್ಚುಗಳನ್ನು ಭೂತಗನ್ನಡಿಯಲ್ಲಿ ನೋಡಿ, ಮತ್ತೆ ಜೋಡಿಸುತ್ತ ಎಣ್ಣೆ ಇಡಬೇಕು. ಒಂದೇ ಎಣ್ಣೆ ಎಲ್ಲ ಕಡೆಗೂ ಆಗುವುದಿಲ್ಲ. ನಿಧಾನವಾಗಿ ತಿರುಗುವ ಕಡೆ ದಪ್ಪನೆಯದು, ಬ್ಯಾಲೆನ್ಸ್ ವ್ಹೀಲ್‌ನ ತುದಿಗೆ ತೀರಾ ತೆಳುವಾದದ್ದು, ಹೇರ್‌ಸ್ಪ್ರಿಂಗ್‌ಗೆ ಏನೂ ಇಲ್ಲ. ಮುಚ್ಚಳ ತೆಗೆದು ಹತ್ತು ನಿಮಿಷದಲ್ಲಿ ಎಣ್ಣೆ ಬಿಟ್ಟು ಕೊಡುವುದು ಸರ್ವೀಸ್ ಅಲ್ಲ. ಹಳೆಯ ಜಿಡ್ಡಿನ ಮೇಲೆ ಬಿದ್ದ ಹೊಸ ಎಣ್ಣೆ ಆ ಪುಡಿಯನ್ನು ಇನ್ನಷ್ಟು ಒಳಕ್ಕೆ ಒಯ್ಯುತ್ತದೆ. 'ಪೂರ್ತಿ ಬಿಚ್ಚಿ ತೊಳೆಯುತ್ತೀರಾ?' ಎಂಬ ಒಂದು ಪ್ರಶ್ನೆಯನ್ನು ಕೊಡುವ ಮೊದಲೇ ಕೇಳಬೇಕು.

ಸೆಲ್ಲಿನ ಲೆಕ್ಕ

ಕ್ವಾರ್ಟ್ಜ್ ವಾಚಿನ ಚಕ್ರಗಳ ಮೇಲೆ ಮೇನ್‌ಸ್ಪ್ರಿಂಗ್‌ನಂಥ ಬಲವಾದ ಒತ್ತಡ ಇರುವುದಿಲ್ಲ. ಹಾಗಾಗಿ ಸವೆತ ಕಡಿಮೆ, ಬಿಚ್ಚಿ ತೊಳೆಯುವ ಸಂದರ್ಭವೂ ಅಪರೂಪ. ಅದಕ್ಕೆ ಬೇಕಾದದ್ದು ಎರಡು ಮೂರು ವರ್ಷಕ್ಕೊಂದು ಸೆಲ್, ಮುಚ್ಚಳ ತೆಗೆದಾಗಲೆಲ್ಲ ನೀರು ತಡೆಯುವ ರಬ್ಬರ್ ರಿಂಗ್‌ನ ತಪಾಸಣೆ. ರಿಂಗ್ ಒಣಗಿ ಬಿರುಕು ಬಿಟ್ಟಿದ್ದರೆ ಬದಲಿಸಿಯೇ ಮುಚ್ಚಬೇಕು.

ಸೆಲ್‌ನಲ್ಲಿಯೂ ಎರಡು ಜಾತಿ ಇದೆ. ವಾಚಿಗೆ ಬೇಕಾದದ್ದು ಸಿಲ್ವರ್ ಆಕ್ಸೈಡ್ ಸೆಲ್. ಅದು ಕೊನೆಯವರೆಗೂ ಸುಮಾರು 1.55 ವೋಲ್ಟ್ ಕೊಟ್ಟು ಆಮೇಲೆ ಒಮ್ಮೆಲೇ ಇಳಿಯುತ್ತದೆ. ಅದೇ ಅಳತೆಯ ಅಗ್ಗದ ಆಲ್ಕಲೈನ್ ಸೆಲ್‌ನ ಬಲ ಮೊದಲಿಂದಲೇ ಕುಗ್ಗುತ್ತ ಹೋಗುತ್ತದೆ, ಸೋರುವ ಭಯವೂ ಹೆಚ್ಚು. ಸೆಲ್ ಮೇಲಿನ ಗುರುತು 'ಎಸ್ಆರ್' ಎಂದು ಶುರುವಾದರೆ ಸಿಲ್ವರ್ ಆಕ್ಸೈಡ್, 'ಎಲ್ಆರ್' ಎಂದಿದ್ದರೆ ಆಲ್ಕಲೈನ್.

ಅನೇಕ ಕ್ವಾರ್ಟ್ಜ್ ವಾಚುಗಳಲ್ಲಿ ಸೆಲ್ ಮುಗಿಯುವ ಮೊದಲು ಸೆಕೆಂಡಿನ ಮುಳ್ಳು ಒಂದೊಂದೇ ಹೆಜ್ಜೆ ಇಡುವುದು ಬಿಟ್ಟು ಎರಡು ಅಥವಾ ನಾಲ್ಕು ಸೆಕೆಂಡು ಒಟ್ಟಿಗೆ ಜಿಗಿಯುತ್ತದೆ. ಅದು ಕೆಟ್ಟಿದೆ ಎಂದಲ್ಲ, ಸೆಲ್ ಬದಲಿಸಿ ಎಂಬ ಸೂಚನೆ. ಕ್ವಾರ್ಟ್ಜ್ ವಾಚನ್ನು ನಿಜವಾಗಿ ಹಾಳುಮಾಡುವುದು ಸತ್ತ ಸೆಲ್. ನಿಂತ ವಾಚನ್ನು ಡ್ರಾಯರಿನಲ್ಲಿ ವರ್ಷಗಟ್ಟಲೆ ಬಿಟ್ಟರೆ ಸೆಲ್ ಸೋರಿ ಒಳಗಿನ ತಾಮ್ರದ ತಂತಿಯ ಸುರುಳಿಯನ್ನೂ ಸಂಪರ್ಕದ ಪಟ್ಟಿಗಳನ್ನೂ ತಿಂದುಹಾಕುತ್ತದೆ. ಕಟ್ಟುವುದಿಲ್ಲ ಎಂದಾದರೆ ಸೆಲ್ ತೆಗೆಸಿಯೇ ಇಡಬೇಕು.

ಅಯಸ್ಕಾಂತ ಹಿಡಿದ ವಾಚು

ಈಗ ಮೊದಲಿಗೆ ಹೇಳಿದ, ದಿನಕ್ಕೆ ಎಂಟು ನಿಮಿಷ ಮುಂದೆ ಓಡುವ ವಾಚಿಗೆ ಬರೋಣ. ಬಿದ್ದಿಲ್ಲ, ನೀರು ಹೊಕ್ಕಿಲ್ಲ, ಪೂರ್ತಿ ಕೀ ಕೊಟ್ಟರೆ ಒಂದೂವರೆ ದಿನದ ಮೇಲೂ ನಡೆಯುತ್ತದೆ. ಆದರೂ ಗಂಟೆಗೆ ಇಪ್ಪತ್ತು ಸೆಕೆಂಡು ಮುಂದೆ. ಒಣಗಿದ ಎಣ್ಣೆಯಿಂದ ಒಂದೇ ರಾತ್ರಿಯಲ್ಲಿ ಇಂಥ ಬದಲಾವಣೆ ಬರುವುದಿಲ್ಲ. ಬರುವುದು ಹೇರ್‌ಸ್ಪ್ರಿಂಗ್‌ನಲ್ಲಿ ಅಯಸ್ಕಾಂತದ ಗುಣ ಸೇರಿಕೊಂಡಾಗ.

ಹಳೆಯ ವಾಚುಗಳ ಹೇರ್‌ಸ್ಪ್ರಿಂಗ್ ಕಬ್ಬಿಣ, ನಿಕಲ್ ಬೆರೆತ ಲೋಹದ್ದು. ಬಲವಾದ ಅಯಸ್ಕಾಂತದ ಹತ್ತಿರ ಹೋದರೆ ಅದೂ ತುಸು ಅಯಸ್ಕಾಂತವಾಗುತ್ತದೆ. ಆಗ ಸುರುಳಿಯ ಸುತ್ತುಗಳು ಒಂದನ್ನೊಂದು ಎಳೆದು ಅಂಟಿಕೊಳ್ಳುತ್ತವೆ. ಅಂಟಿದಷ್ಟು ಭಾಗ ಕೆಲಸಕ್ಕೆ ಬಾರದೆ ಸ್ಪ್ರಿಂಗ್‌ನ ಉದ್ದ ಕಡಿಮೆಯಾದಂತಾಗುತ್ತದೆ. ಉದ್ದ ಕಡಿಮೆಯಾದ ಸ್ಪ್ರಿಂಗ್ ಹೆಚ್ಚು ಬಿಗಿ, ಬಿಗಿ ಹೆಚ್ಚಿದರೆ ಬ್ಯಾಲೆನ್ಸ್ ವ್ಹೀಲ್ ಬೇಗ ಬೇಗ ಬಡಿಯುತ್ತದೆ. ಅಯಸ್ಕಾಂತ ಹಿಡಿದ ವಾಚು ಹೆಚ್ಚಾಗಿ ಮುಂದೆ ಓಡುವುದು ಈ ಕಾರಣಕ್ಕೆ. ಕೆಲವೊಮ್ಮೆ ಗೊತ್ತುಗುರಿಯಿಲ್ಲದೆ ಹಿಂದೆಮುಂದೆ ಆಗುವುದೂ, ನಿಲ್ಲುವುದೂ ಉಂಟು.

ಮನೆಯಲ್ಲೇ ಪರೀಕ್ಷಿಸಲು ಶಾಲೆಯ ಮಕ್ಕಳ ದಿಕ್ಸೂಚಿ ಸಾಕು. ಅದನ್ನು ಮೇಜಿನ ಮೇಲಿಟ್ಟು ವಾಚನ್ನು ಮೆಲ್ಲಗೆ ಹತ್ತಿರ ತನ್ನಿ. ಉಕ್ಕಿನ ಕೇಸು ಇದ್ದರೆ ಮುಳ್ಳು ಸ್ವಲ್ಪ ವಾಲಬಹುದು, ಅದರಿಂದಲೇ ತೀರ್ಮಾನಕ್ಕೆ ಬರಬೇಡಿ. ಬರೀ ಉಕ್ಕು ದಿಕ್ಸೂಚಿಯ ಎರಡು ತುದಿಯನ್ನೂ ಎಳೆಯುತ್ತದೆ. ತಳ್ಳುವುದು ಅಯಸ್ಕಾಂತ ಮಾತ್ರ. ವಾಚಿನ ಯಾವುದಾದರೂ ಒಂದು ಮಗ್ಗುಲು ಮುಳ್ಳಿನ ತುದಿಯನ್ನು ದೂರ ತಳ್ಳಿದರೆ, ಅಥವಾ ಬ್ಯಾಲೆನ್ಸ್ ವ್ಹೀಲ್ ಇರುವ ಕಡೆ ತಂದಾಗ ಮುಳ್ಳು ಬಡಿತಕ್ಕೆ ಸರಿಯಾಗಿ ನಡುಗಿದರೆ ಅನುಮಾನವೇ ಬೇಡ. ಈ ಪರೀಕ್ಷೆಗೆ ಮೊಬೈಲನ್ನು ವಾಚಿಗೆ ತಾಗಿಸಬೇಡಿ, ಅದರ ಸ್ಪೀಕರಿನಲ್ಲೇ ಅಯಸ್ಕಾಂತವಿದೆ.

ರಿಪೇರಿಯವರ ಮೇಜಿನ ಮೇಲೆ ಇದಕ್ಕೆಂದೇ ಅಂಗೈಯಷ್ಟು ಅಗಲದ ಒಂದು ಪೆಟ್ಟಿಗೆ ಇರುತ್ತದೆ. ಅದರ ಹೆಸರು ಡೀಮ್ಯಾಗ್ನೆಟೈಸರ್. ಒಳಗೆ ತಂತಿಯ ಸುರುಳಿ, ಮೇಲೊಂದು ಗುಂಡಿ. ಗುಂಡಿ ಒತ್ತಿದಾಗ ಮನೆಯ ಕರೆಂಟಿನ ದಿಕ್ಕು ಬದಲಾದಂತೆಲ್ಲ ಅಲ್ಲಿನ ಕಾಂತಬಲದ ದಿಕ್ಕೂ ಸೆಕೆಂಡಿಗೆ ನೂರು ಸಲ ಬದಲಾಗುತ್ತದೆ. ವಾಚನ್ನು ಅದರ ಮೇಲಿಟ್ಟು, ಗುಂಡಿ ಒತ್ತಿ ಹಿಡಿದು, ನಿಧಾನವಾಗಿ ನೇರ ಮೇಲಕ್ಕೆ ಎತ್ತಿ, ಒಂದೂವರೆ ಅಡಿ ದೂರ ಒಯ್ದ ಮೇಲೆ ಗುಂಡಿ ಬಿಡುತ್ತಾರೆ. ವಾಚು ದೂರವಾದಂತೆ ಅತ್ತಿತ್ತ ಎಳೆಯುವ ಬಲ ಸಮನಾಗಿ ಕುಗ್ಗಿ, ಒಳಗೆ ಸೇರಿದ್ದ ಕಾಂತಗುಣ ಅಳಿಯುತ್ತದೆ. ಒಟ್ಟು ಐದಾರು ಸೆಕೆಂಡಿನ ಕೆಲಸ. ವಾಚು ಹತ್ತಿರ ಇರುವಾಗಲೇ ಗುಂಡಿ ಬಿಟ್ಟರೆ ಮಾತ್ರ ಕಡೆಯ ಎಳೆತ ಹಾಗೆಯೇ ಉಳಿದು ಮೊದಲಿಗಿಂತ ಕೆಡಬಹುದು.

ಇದಾದ ಮೇಲೆ ವಾಚನ್ನು ಟೈಮ್‌ಗ್ರಾಫರ್ ಎಂಬ ಯಂತ್ರದ ಮೇಲಿಡುತ್ತಾರೆ. ಅದು ಬಡಿತದ ಸದ್ದು ಕೇಳಿ ಎರಡು ಮುಖ್ಯ ಅಂಕಿ ತೋರಿಸುತ್ತದೆ. ಒಂದು, ದಿನಕ್ಕೆ ಎಷ್ಟು ಸೆಕೆಂಡು ಹೆಚ್ಚುಕಮ್ಮಿ. ಇನ್ನೊಂದು, ಬ್ಯಾಲೆನ್ಸ್ ವ್ಹೀಲ್ ಎಷ್ಟು ಡಿಗ್ರಿ ಬೀಸಿ ತಿರುಗುತ್ತಿದೆ. ಮೊದಲು 480 ಸೆಕೆಂಡು ಮುಂದೆ ಇದ್ದ ವಾಚು ಈಗ ಹದಿನೈದು ಸೆಕೆಂಡಿಗೆ ಇಳಿದು, ಬೀಸು 260 ಡಿಗ್ರಿ ತೋರಿಸಿದರೆ ಅಲ್ಲಿಗೆ ಕೆಲಸ ಮುಗಿಯಿತು, ಎಣ್ಣೆ ಇನ್ನೂ ಚೆನ್ನಾಗಿದೆ. ಮುಂದೆ ಓಡುವುದು ನಿಂತರೂ ಪೂರ್ತಿ ಕೀ ಕೊಟ್ಟಾಗ ಬೀಸು 200 ಡಿಗ್ರಿಗಿಂತ ಕೆಳಗಿದ್ದರೆ ಸರ್ವೀಸಿನ ಕಾಲ ಬಂದಿದೆ. ಮುಂದೆ ಓಡುವುದು ನಿಲ್ಲಲೇ ಇಲ್ಲ ಎಂದಾದರೆ ಹೇರ್‌ಸ್ಪ್ರಿಂಗ್‌ಗೆ ಎಣ್ಣೆ ತಾಗಿ ಸುತ್ತುಗಳು ಅಂಟಿರಬಹುದು, ಅಥವಾ ಪೆಟ್ಟಿನಿಂದ ಒಂದು ಸುತ್ತು ಸಿಕ್ಕಿಕೊಂಡಿರಬಹುದು. ಆಗ ಬಿಚ್ಚಿ ನೋಡಲೇಬೇಕು.

ಕ್ವಾರ್ಟ್ಜ್‌ನ ಕಥೆ ಬೇರೆ

ಕ್ವಾರ್ಟ್ಜ್ ವಾಚಿನ ಸ್ಫಟಿಕಕ್ಕೆ ಅಯಸ್ಕಾಂತದಿಂದ ಏನೂ ಆಗುವುದಿಲ್ಲ. ತೊಂದರೆ ಇರುವುದು ಮೋಟಾರಿನಲ್ಲಿ. ಅದರ ತಿರುಗುವ ಭಾಗವೇ ಒಂದು ಚಿಕ್ಕ ಅಯಸ್ಕಾಂತ. ಸೆಲ್‌ನಿಂದ ಬರುವ ಕ್ಷಣಮಾತ್ರದ ತಳ್ಳಿಗಿಂತ ಹೊರಗಿನ ಅಯಸ್ಕಾಂತದ ಹಿಡಿತ ಬಲವಾದರೆ ಅದು ತಿರುಗದೆ ನಿಂತುಬಿಡುತ್ತದೆ. ದೂರ ಸರಿಸಿದ ಕೂಡಲೇ ಮತ್ತೆ ನಡೆಯುತ್ತದೆ, ನಿಂತಿದ್ದಷ್ಟು ಹೊತ್ತು ಮಾತ್ರ ಹಿಂದೆ ಬಿದ್ದಿರುತ್ತದೆ.

ಹಗಲೆಲ್ಲ ಸರಿಯಾಗಿದ್ದು ಬೆಳಗ್ಗೆ ಎದ್ದು ನೋಡಿದರೆ ಐದಾರು ಗಂಟೆ ಹಿಂದಿರುವ ವಾಚು ಇದಕ್ಕೆ ಸ್ಪಷ್ಟ ಉದಾಹರಣೆ. ಅದನ್ನು ರಾತ್ರಿ ಅಯಸ್ಕಾಂತದ ಬಟನ್ ಇರುವ ಮೊಬೈಲ್ ಕವರಿನ ಮೇಲೋ, ಸ್ಪೀಕರಿಗೆ ಒತ್ತಿಯೋ, ಮೊಬೈಲನ್ನು ಕಚ್ಚಿ ಹಿಡಿಯುವ ಚಾರ್ಜರಿನ ಪಕ್ಕದಲ್ಲೋ ಇಟ್ಟಿರುತ್ತಾರೆ. ಎಷ್ಟು ಸೆಲ್ ಬದಲಿಸಿದರೂ ಇದು ಸರಿಹೋಗುವುದಿಲ್ಲ. ಎರಡು ರಾತ್ರಿ ಮರದ ಮೇಜಿನ ಮೇಲೆ ಒಂಟಿಯಾಗಿ ಇಟ್ಟು ನೋಡಿದರೆ ಖರ್ಚಿಲ್ಲದೆ ಉತ್ತರ ಸಿಗುತ್ತದೆ. ಮುಳ್ಳಿನ ಕ್ವಾರ್ಟ್ಜ್ ವಾಚನ್ನು ಡೀಮ್ಯಾಗ್ನೆಟೈಸರ್ ಮೇಲೆ ಇಡಬಾರದು, ಮೋಟಾರಿಗೆ ಬೇಕಾದ ಅಯಸ್ಕಾಂತವೇ ದುರ್ಬಲವಾಗುವ ಅಪಾಯವಿದೆ. ಮುಳ್ಳೇ ಇಲ್ಲದೆ ಅಂಕಿ ತೋರಿಸುವ ಡಿಜಿಟಲ್ ವಾಚಿನಲ್ಲಿ ಈ ಮೋಟಾರಿಲ್ಲ, ಆದ್ದರಿಂದ ಈ ಕಾಟವೂ ಇಲ್ಲ.

ಅಯಸ್ಕಾಂತಕ್ಕೆ ಹೆದರಿ ಬದುಕಬೇಕಾಗಿಲ್ಲ. ಅದರ ಬಲ ದೂರ ಹೆಚ್ಚಿದಂತೆ ಬಹಳ ಬೇಗ ಕುಗ್ಗುತ್ತದೆ. ಮೊಬೈಲು, ಟ್ಯಾಬ್ ಕವರು, ಬ್ಯಾಗಿನ ಅಯಸ್ಕಾಂತದ ಗುಂಡಿ, ಸ್ಪೀಕರು ಇವುಗಳಿಂದ ಒಂದು ಗೇಣು ದೂರವಿಟ್ಟರೆ ಸಾಮಾನ್ಯವಾಗಿ ಸಾಕು. ಎಂಆರ್‌ಐ ಕೋಣೆಗೆ ಮಾತ್ರ ಯಾವ ವಾಚನ್ನೂ ಒಯ್ಯಕೂಡದು. ಅಯಸ್ಕಾಂತ ನಿರೋಧಕ ಎಂದು ಗುರುತಿಸುವ ಅಂತರರಾಷ್ಟ್ರೀಯ ಮಾನದಂಡ ಕೇಳುವುದು ಮೀಟರಿಗೆ 4,800 ಆಂಪಿಯರ್ ಬಲ, ಅಂದರೆ ಸುಮಾರು 60 ಗೌಸ್. ಬಲವಾದ ಅಯಸ್ಕಾಂತದ ಮೈಗೇ ತಾಗಿಸಿಟ್ಟರೆ ಇದು ಸುಲಭವಾಗಿ ಮೀರಿಹೋಗುತ್ತದೆ. ಅದಕ್ಕೇ ಕೆಲವು ದುಬಾರಿ ವಾಚುಗಳಲ್ಲಿ ಈಗ ಹೇರ್‌ಸ್ಪ್ರಿಂಗನ್ನು ಸಿಲಿಕಾನ್‌ನಿಂದ ಮಾಡುತ್ತಾರೆ. 2013ರಲ್ಲಿ ಒಮೇಗಾ 15,000 ಗೌಸ್‌ ತಡೆಯುವ ವಾಚನ್ನೇ ತೋರಿಸಿತು.

ಹದಿನೈದು ವರ್ಷದ ಖರ್ಚು

ದರಗಳು ಊರಿಂದ ಊರಿಗೆ ಬೇರೆ. ಲೆಕ್ಕಕ್ಕೆಂದು ಕೆಲವು ಅಂಕಿ ಇಟ್ಟುಕೊಳ್ಳೋಣ, ನಿಮ್ಮ ಅಂಗಡಿಯ ದರ ಹಾಕಿ ತಿದ್ದಿಕೊಳ್ಳಬಹುದು. ಜನತಾದಂಥ ವಾಚಿಗೆ ಐದು ವರ್ಷಕ್ಕೊಂದು ಸರ್ವೀಸ್, ಒಂದಕ್ಕೆ ಸಾವಿರ ರೂಪಾಯಿ ಎಂದರೆ ಹದಿನೈದು ವರ್ಷಕ್ಕೆ 3,000. ನಡುವೆ ಒಂದು ಮೇನ್‌ಸ್ಪ್ರಿಂಗ್ 300. ವರ್ಷಕ್ಕೆ 220 ರೂಪಾಯಿ ಬಿತ್ತು. ಸಾಮಾನ್ಯ ಕ್ವಾರ್ಟ್ಜ್‌ಗೆ ಎರಡೂವರೆ ವರ್ಷಕ್ಕೊಂದು ಸೆಲ್, ಒಂದಕ್ಕೆ 150 ಎಂದರೆ ಆರು ಸೆಲ್‌ಗೆ 900. ಒಮ್ಮೆ ಒಳಗಿನ ಮಷೀನೇ ಬದಲಿಸಬೇಕಾಗಿ ಬಂದು 600 ಹೋದರೂ ಒಟ್ಟು 1,500, ವರ್ಷಕ್ಕೆ ನೂರು. ಸ್ವಿಸ್ ಆಟೋಮ್ಯಾಟಿಕ್ ವಾಚಿಗೆ ಏಳು ವರ್ಷಕ್ಕೊಮ್ಮೆ ಕಂಪನಿಯ ಕೇಂದ್ರದಲ್ಲಿ 25,000 ರೂಪಾಯಿಯ ಸರ್ವೀಸ್ ಎಂದಿಟ್ಟರೆ ಎರಡು ಸಲಕ್ಕೆ 50,000, ಅಂದರೆ ವರ್ಷಕ್ಕೆ ಮೂರು ಸಾವಿರದ ಮೇಲೆ. ಅಗ್ಗದ ಆಟೋಮ್ಯಾಟಿಕ್‌ಗಳಲ್ಲಿ ಪೂರ್ತಿ ಸರ್ವೀಸಿಗಿಂತ ಒಳಗಿನ ಮಷೀನನ್ನೇ ಬದಲಿಸುವುದು ಕೆಲವೊಮ್ಮೆ ಲಾಭ.

ಈ ಲೆಕ್ಕದಲ್ಲಿ ಕಾಣುವುದು ಇಷ್ಟು: ಮೆಕ್ಯಾನಿಕಲ್ ಎಂದರೆ ದುಬಾರಿ ಎಂಬುದು ಸಾರಾಸಗಟು ನಿಜವಲ್ಲ. ಕೀ ಕೊಡುವ ಸರಳ ವಾಚನ್ನು ಸಾಕುವುದು ಕ್ವಾರ್ಟ್ಜ್‌ಗಿಂತ ಹೆಚ್ಚು ಭಾರವೇನಲ್ಲ. ಆದರೆ ದುಬಾರಿ ಆಟೋಮ್ಯಾಟಿಕ್ ಕೊಳ್ಳುವವರು ಅದರ ಬೆಲೆಯ ಜೊತೆಗೆ ಸರ್ವೀಸಿನ ದರವನ್ನೂ ಅಂದೇ ಕೇಳಿ ತಿಳಿದುಕೊಳ್ಳಬೇಕು. ಬರೀ ಸಮಯ ತಿಳಿಯಬೇಕು, ನಿಗಾ ವಹಿಸಲು ಪುರುಸೊತ್ತಿಲ್ಲ ಎನ್ನುವವರಿಗೆ ಕ್ವಾರ್ಟ್ಜೇ ಸರಿಯಾದ ಆಯ್ಕೆ. ಎಚ್ಎಂಟಿಯ ವಾಚು ಘಟಕವನ್ನು ಮುಚ್ಚಲು 2016ರಲ್ಲಿ ಸರ್ಕಾರ ತೀರ್ಮಾನಿಸಿದ ಮೇಲೆ ಅದರ ಹಳೆಯ ಬಿಡಿಭಾಗಗಳು ಕಡಿಮೆಯಾಗುತ್ತಲೇ ಇವೆ. ಹಾಗಾಗಿ ಮನೆಯಲ್ಲಿರುವ ಜನತಾ, ಪೈಲಟ್‌ಗಳ ಅಚ್ಚು ಸವೆಯುವ ಮೊದಲೇ ಸರ್ವೀಸ್ ಮಾಡಿಸುವುದು ಜಾಣತನ.

ಇನ್ನು ಮುಂದೆ ವಾಚು ದಾರಿ ತಪ್ಪಿದಾಗ ಅಂಗಡಿಗೆ ಹೊರಡುವ ಮುನ್ನ ಮೂರು ವಿಷಯ ಚೀಟಿಯಲ್ಲಿ ಬರೆದುಕೊಳ್ಳಿ: ಒಮ್ಮೆಲೇ ಕೆಟ್ಟಿತೋ ನಿಧಾನವಾಗಿ ಕೆಟ್ಟಿತೋ, ಮುಂದೆ ಓಡುತ್ತಿದೆಯೋ ಹಿಂದೆ ಬೀಳುತ್ತಿದೆಯೋ, ರಾತ್ರಿ ಯಾವುದರ ಪಕ್ಕದಲ್ಲಿ ಇರುತ್ತದೆ. ಕೀ ಕೊಡುವ ವಾಚು ಒಮ್ಮೆಲೇ ಮುಂದೆ ಓಡಿದ್ದರೆ ಮೊದಲು ಅಯಸ್ಕಾಂತ ತೆಗೆಸಿ, ಸರ್ವೀಸಿನ ಮಾತು ಆಮೇಲೆ.